ಗಂಟಲು ವಾಸಿಯಾಯಿತು, ಗಂಟು ಉಳಿಯಿತು

ಗಂಟಲು ನೋವೆಂದು ಅಳುವ ಮಗುವಿನ ಕುತ್ತಿಗೆಯನ್ನು ಮುಟ್ಟಿ ನೋಡದ ತಾಯಿ ಇಲ್ಲ. ದವಡೆಯ ಮೂಲೆಯ ಕೆಳಗೆ ಬೆರಳಿಗೆ ಒಂದು ಗಂಟು ತಗುಲುತ್ತದೆ. ಒತ್ತಿದರೆ ಮಗು ಮುಖ ಕಿವುಚುತ್ತದೆ. ಆಗ ಮನೆಯವರಿಗೆ ಅದು ಅಷ್ಟಾಗಿ ದೊಡ್ಡದೆನಿಸುವುದಿಲ್ಲ, ಜ್ವರದ ಗಡಿಬಿಡಿಯಲ್ಲಿ ಮರೆತೂಹೋಗುತ್ತದೆ. ನಿಜವಾದ ಚಿಂತೆ ಶುರುವಾಗುವುದು ಜ್ವರ ಬಿಟ್ಟ ಮೇಲೆ. "ಸಾರ್, ಜ್ವರ ಹೋಯ್ತು, ಗಂಟ್ಲು ನೋವೂ ಹೋಯ್ತು, ಚೆನ್ನಾಗಿ ಊಟ ಮಾಡ್ತಾಳೆ. ಈ ಗಂಟು ಮಾತ್ರ ಹಂಗೇ ಐತೆ. ಒಳಗೆ ಏನಾದ್ರೂ ಉಳ್ಕಂಡೈತಾ?" ಎಂದು ಹದಿನೈದು ದಿನದ ನಂತರ ತಾಯಿ ಮಗುವನ್ನು ಮತ್ತೆ ಕರೆದುಕೊಂಡು ಬರುತ್ತಾಳೆ.

ಬಹಳಷ್ಟು ಸಲ ಈ ಪ್ರಶ್ನೆಗೆ ಉತ್ತರ "ಏನೂ ಇಲ್ಲ" ಎಂಬುದೇ. ಆದರೆ ಹಾಗೆಂದು ಹೇಳಿ ಕಳಿಸಿದರೆ ತಾಯಿಯ ಮನಸ್ಸು ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಏಕೆ ಏನೂ ಇಲ್ಲ, ಎಷ್ಟು ದಿನ ಕಾಯಬಹುದು, ಯಾವ ದಿನದಿಂದಾಚೆ ಕಾಯುವುದು ತಪ್ಪು ಎಂಬುದನ್ನು ಅವಳಿಗೆ ಹೇಳಲೇಬೇಕು. ಕಾಯುವುದಕ್ಕೂ ಒಂದು ಲೆಕ್ಕವಿದೆ. ಅದು ಗೊತ್ತಿಲ್ಲದೆ ಕೆಲವರು ಎರಡನೇ ವಾರಕ್ಕೇ ಸ್ಕ್ಯಾನಿಂಗ್‌ಗೆ ಓಡುತ್ತಾರೆ, ಕೆಲವರು ಆರು ತಿಂಗಳು ಸುಮ್ಮನಿರುತ್ತಾರೆ.

ನಮ್ಮ ಕುತ್ತಿಗೆಯಲ್ಲಿ ಸುಮಾರು 300 ದುಗ್ಧಗ್ರಂಥಿಗಳಿವೆ. ಆರೋಗ್ಯವಾಗಿರುವಾಗ ಅವು ಕೈಗೆ ಸಿಗುವುದು ಅಪರೂಪ, ಸಿಕ್ಕರೂ ಒಂದು ಸೆಂಟಿಮೀಟರ್‌ಗಿಂತ ಚಿಕ್ಕವು. ಮೂಗು, ಬಾಯಿ, ಗಂಟಲು, ನೆತ್ತಿ, ಹೀಗೆ ತಲೆಯ ಒಂದೊಂದು ಭಾಗದಿಂದ ಹರಿದುಬರುವ ದುಗ್ಧರಸವನ್ನು ಒಂದೊಂದು ಗುಂಪಿನ ಗ್ರಂಥಿಗಳು ಸೋಸುತ್ತವೆ. ಟಾನ್ಸಿಲ್ಲಿನಿಂದ ಬರುವುದೆಲ್ಲ ದವಡೆಯ ಮೂಲೆಯ ಹಿಂದೆ, ಕೆಳಗೆ ಇರುವ ಗ್ರಂಥಿಗೆ ಹೋಗುತ್ತದೆ. ಗಂಟಲು ಕೆಟ್ಟಾಗಲೆಲ್ಲ ಊದುವುದು ಇದೇ. ಮಿಕ್ಕವುಗಳಿಗಿಂತ ಇದು ಸ್ವಲ್ಪ ದೊಡ್ಡದು. ಒಂದೂವರೆ ಸೆಂಟಿಮೀಟರ್‌ವರೆಗೂ ಇದನ್ನು ಸಹಜವೆಂದೇ ಎಣಿಸುತ್ತೇವೆ.

ಗಂಟಲಲ್ಲಿ ವೈರಸ್ಸೋ ಬ್ಯಾಕ್ಟೀರಿಯಾವೋ ಹೊಕ್ಕಿತೆಂದರೆ ಅದರ ಚೂರುಗಳು ದುಗ್ಧರಸದೊಂದಿಗೆ ಈ ಗ್ರಂಥಿಗೆ ಬರುತ್ತವೆ. ಅಲ್ಲಿರುವ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳಲ್ಲಿ ಆ ರೋಗಾಣುವನ್ನು ಗುರುತಿಸಬಲ್ಲವು ಕೆಲವೇ ಕೆಲವು. ಅವು ಒಂದು ಎರಡಾಗಿ, ಎರಡು ನಾಲ್ಕಾಗಿ ವೃದ್ಧಿಯಾಗತೊಡಗುತ್ತವೆ. ಒಳಗೆ ಕಣಗಳು ತುಂಬಿಕೊಂಡಂತೆ ಗ್ರಂಥಿ ಉಬ್ಬುತ್ತದೆ, ಅದರ ಮೇಲಿನ ಪೊರೆ ಬಿಗಿದುಕೊಳ್ಳುತ್ತದೆ. ಒತ್ತಿದಾಗ ಆಗುವ ನೋವು ಆ ಪೊರೆ ಬಿಗಿದದ್ದರಿಂದ. ಬೇಗ ಊದಿದ್ದು ನೋಯುತ್ತದೆ, ತಿಂಗಳುಗಟ್ಟಲೆ ನಿಧಾನವಾಗಿ ಬೆಳೆದದ್ದು ನೋಯುವುದಿಲ್ಲ. ಜನ ಇದನ್ನು ತಿರುಗಾಮುರುಗಾ ತಿಳಿದಿರುತ್ತಾರೆ. ನೋಯುವ ಗಂಟಿಗೆ ಹೆದರುತ್ತಾರೆ, ನೋವಿಲ್ಲದ ಗಂಟನ್ನು "ಏನೂ ತೊಂದ್ರೆ ಕೊಡ್ತಿಲ್ಲ ಬಿಡಿ" ಎಂದು ಬಿಟ್ಟುಬಿಡುತ್ತಾರೆ.

ಗಂಟಲು ವಾಸಿಯಾದ ಮೇಲೂ ಗಂಟು ಉಳಿಯುವುದಕ್ಕೆ ಕಾರಣವೂ ಇಲ್ಲೇ ಇದೆ. ರೋಗಾಣು ಹೋದ ಮರುದಿನವೇ ಆ ಕಣಗಳೆಲ್ಲ ಮಾಯವಾಗುವುದಿಲ್ಲ. ಕೆಲಸ ಮುಗಿದ ಕಣಗಳು ತಾವಾಗಿಯೇ ಸತ್ತು ಕರಗಬೇಕು, ಅದಕ್ಕೆ ವಾರಗಳು ಹಿಡಿಯುತ್ತವೆ. ಗಂಟಲು ಒಂದು ವಾರದಲ್ಲಿ ಸರಿಹೋದರೆ ಗಂಟು ಕುಗ್ಗಲು ಎರಡು ಮೂರು ವಾರ, ಕೆಲವರಲ್ಲಿ ಇನ್ನೂ ಹೆಚ್ಚು ಬೇಕಾಗುತ್ತದೆ. ಪದೇಪದೇ ನೆಗಡಿ ಗಂಟಲು ನೋವು ಬರುವ ಮಕ್ಕಳಲ್ಲಿ ಒಂದು ಕುಗ್ಗುವಷ್ಟರಲ್ಲಿ ಮತ್ತೊಂದು ಸೋಂಕು ಬಂದಿರುತ್ತದೆ, ಹೀಗಾಗಿ ಅವರ ಕುತ್ತಿಗೆಯಲ್ಲಿ ಅವರೆಕಾಳಿನಷ್ಟು ಒಂದೆರಡು ಗಂಟುಗಳು ಸದಾ ಇದ್ದೇ ಇರುತ್ತವೆ. ಆಡಿಕೊಂಡು, ತೂಕ ಏರಿಸಿಕೊಂಡು ಇರುವ ಮಗುವಿನಲ್ಲಿ ಅವು ರೋಗವಲ್ಲ.

ಒಂದು ಮಗುವಿನ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಒಂಬತ್ತು ವರ್ಷದ ಹುಡುಗಿ. ಸೋಮವಾರ ಸಂಜೆ ಶಾಲೆಯಿಂದ ಬಂದವಳು ಗಂಟಲು ನೋವೆಂದು ಮಲಗಿದಳು. ರಾತ್ರಿ 102 ಡಿಗ್ರಿ ಜ್ವರ, ತಲೆನೋವು, ಒಂದು ಸಲ ವಾಂತಿ. ಮೂಗು ಸೋರುತ್ತಿಲ್ಲ, ಕೆಮ್ಮಿಲ್ಲ. ಮರುದಿನ ಬಾಯಿ ತೆರೆಸಿ ನೋಡಿದರೆ ಟಾನ್ಸಿಲ್ ಎರಡೂ ಕೆಂಪಗೆ ಊದಿ, ಮೇಲೆ ಬಿಳಿ ಚುಕ್ಕೆಗಳು. ಎಡದವಡೆಯ ಕೆಳಗೆ ಎರಡು ಸೆಂಟಿಮೀಟರ್ ಗಂಟು, ಬಲಕ್ಕೆ ಅದಕ್ಕಿಂತ ಸ್ವಲ್ಪ ಚಿಕ್ಕದು. ಎರಡೂ ನೋಯುತ್ತವೆ, ಬೆರಳಿಗೆ ಸಿಕ್ಕು ಜಾರುತ್ತವೆ.

ಇಲ್ಲಿ ಗಂಟಿಗೆ ಒಂದು ಅರ್ಥವಿದೆ. ಗಂಟಲು ನೋವು ಹೆಚ್ಚಾಗಿ ಬರುವುದು ವೈರಸ್ಸಿನಿಂದ, ಅದಕ್ಕೆ ಆಂಟಿಬಯೋಟಿಕ್ ಏನೂ ಮಾಡದು. ಉಳಿದವುಗಳಲ್ಲಿ ಮುಖ್ಯವಾದದ್ದು ಗುಂಪು ಎ ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾ. ಇವೆರಡನ್ನು ಬೇರ್ಪಡಿಸಲು 1981ರಲ್ಲಿ ಅಮೆರಿಕದ ವೈದ್ಯ ರಾಬರ್ಟ್ ಸೆಂಟರ್ ಮತ್ತು ಸಂಗಡಿಗರು ನಾಲ್ಕು ಲಕ್ಷಣಗಳನ್ನು ಆರಿಸಿದರು. ಟಾನ್ಸಿಲ್ ಮೇಲೆ ಬಿಳಿ ಕೀವು, ಕುತ್ತಿಗೆಯ ಮುಂಭಾಗದಲ್ಲಿ ನೋಯುವ ಗಂಟು, ಜ್ವರ, ಮತ್ತು ಕೆಮ್ಮು ಇಲ್ಲದಿರುವುದು. ಒಂದೊಂದಕ್ಕೂ ಒಂದು ಅಂಕ. ಅವರು ನೋಡಿದ್ದು ದೊಡ್ಡವರನ್ನು. ಮುಂದೆ ವಯಸ್ಸನ್ನೂ ಸೇರಿಸಿ, 3ರಿಂದ 14 ವರ್ಷದವರಿಗೆ ಒಂದು ಅಂಕ ಕೂಡಿಸುವುದು, 45 ದಾಟಿದವರಿಗೆ ಒಂದು ಕಳೆಯುವುದು ರೂಢಿಗೆ ಬಂತು. ನಮ್ಮ ಹುಡುಗಿಗೆ ಐದಕ್ಕೆ ಐದೂ ಬಂದವು. ಅಷ್ಟು ಬಂದರೂ ಸ್ಟ್ರೆಪ್ ಇರುವ ಸಂಭವ ಸುಮಾರು ಅರ್ಧಕ್ಕರ್ಧ ಮಾತ್ರ. ಬರೀ ಗಂಟೊಂದೇ ಇದ್ದು, ಜೊತೆಗೆ ನೆಗಡಿ, ಕೆಮ್ಮು, ದನಿ ಒಡೆದಿರುವುದು ಕಂಡರೆ ಸಂಭವ ತೀರ ಕಡಿಮೆ. ಗಂಟು ಊದಿದೆ ಎಂಬ ಒಂದೇ ಕಾರಣಕ್ಕೆ ಔಷಧಿ ಅಂಗಡಿಯಲ್ಲಿ ಮೂರು ದಿನದ ಆಂಟಿಬಯೋಟಿಕ್ ಕೇಳಿ ಪಡೆಯುವುದು ತಪ್ಪೆನ್ನುವುದು ಇದಕ್ಕೇ.

ಹುಡುಗಿಯ ಗಂಟಲ ದ್ರವವನ್ನು ಹತ್ತಿಯ ಕಡ್ಡಿಯಲ್ಲಿ ತೆಗೆದು ಕಲ್ಚರ್ ಪರೀಕ್ಷೆಗೆ ಕಳಿಸಿದರು. ವರದಿ ಬರಲು ಎರಡು ದಿನ ಬೇಕು. ಅಷ್ಟರವರೆಗೆ ತೂಕಕ್ಕೆ ತಕ್ಕ ಪ್ಯಾರಾಸಿಟಮಾಲ್, ಬೆಚ್ಚಗಿನ ಗಂಜಿ, ಒಂದು ಲೋಟ ಬಿಸಿನೀರಿಗೆ ಅರ್ಧ ಚಮಚ ಉಪ್ಪು ಹಾಕಿ ಬಾಯಿ ಮುಕ್ಕಳಿಸುವುದು. ಇಷ್ಟು ದಿನ ಕಾದರೆ ಅಪಾಯವಿಲ್ಲವೇ ಎಂದು ತಂದೆ ಕೇಳಿದರು. ಇಲ್ಲ. ಸ್ಟ್ರೆಪ್ ಗಂಟಲಿಗೆ ಔಷಧ ಕೊಡುವ ದೊಡ್ಡ ಉದ್ದೇಶ ಮುಂದೆ ಬರಬಹುದಾದ ಸಂಧಿವಾತ ಜ್ವರವನ್ನು ತಡೆಯುವುದು, ಹೃದಯದ ಕವಾಟ ಕೆಡದಂತೆ ನೋಡಿಕೊಳ್ಳುವುದು. ಗಂಟಲು ನೋವು ಶುರುವಾದ ಒಂಬತ್ತು ದಿನಗಳೊಳಗೆ ಔಷಧ ಆರಂಭಿಸಿದರೂ ಆ ರಕ್ಷಣೆ ಸಿಗುತ್ತದೆ. ಎರಡು ದಿನ ಕಾದು ಸರಿಯಾದ ಔಷಧ ಕೊಡುವುದು, ಕಾಯದೆ ತಪ್ಪು ಔಷಧ ಕೊಡುವುದಕ್ಕಿಂತ ಮೇಲು. ಪರೀಕ್ಷೆಯ ಸೌಕರ್ಯವೇ ಇಲ್ಲದ ಊರಲ್ಲಿ ಇಂಥ ಮಗುವಿಗೆ ವೈದ್ಯರು ನೇರವಾಗಿ ಔಷಧ ಶುರುಮಾಡಿದರೆ ಅದೂ ಸರಿಯೇ. ಐದರಿಂದ ಹದಿನೈದು ವರ್ಷದ ಮಕ್ಕಳಲ್ಲಿ ಸಂಧಿವಾತ ಜ್ವರ ನಮ್ಮ ದೇಶದಲ್ಲಿ ಇನ್ನೂ ಹೋಗಿಲ್ಲ.

ಹುಡುಗಿಯ ವರದಿಯಲ್ಲಿ ಸ್ಟ್ರೆಪ್ ಬಂತು. ಅಮಾಕ್ಸಿಸಿಲಿನ್ ಹತ್ತು ದಿನ. ಎರಡನೇ ದಿನ ಜ್ವರ ಬಿಟ್ಟಿತು, ನಾಲ್ಕನೇ ದಿನ ದೋಸೆ ಕೇಳಿ ತಿಂದಳು. ಮನೆಯವರು ಎಡವುವುದು ಇಲ್ಲೇ. ಮಗು ಚೆನ್ನಾಗಿದೆ, ಇನ್ನೇಕೆ ಔಷಧ ಎಂದು ಬಾಟಲಿಯನ್ನು ಫ್ರಿಜ್ಜಿನ ಮೂಲೆಗೆ ಸರಿಸುತ್ತಾರೆ. ಗಂಟಲಿನಲ್ಲಿರುವ ಬ್ಯಾಕ್ಟೀರಿಯಾ ಪೂರ್ತಿ ಹೋಗಬೇಕಾದರೆ ಹತ್ತು ದಿನವೂ ಕೊಡಬೇಕು. ಈ ತಾಯಿ ಕೊಟ್ಟಳು.

ಗಂಟಿನದು ಬೇರೆಯೇ ಲೆಕ್ಕ. ಔಷಧ ಮುಗಿದ ದಿನ ನೋವು ಪೂರ್ತಿ ಹೋಗಿತ್ತು, ಅಳತೆ ಮಾತ್ರ ಒಂದೂವರೆ ಸೆಂಟಿಮೀಟರ್ ಇತ್ತು. ಮೂರನೇ ವಾರಕ್ಕೆ ಒಂದು ಸೆಂಟಿಮೀಟರ್. ಆರನೇ ವಾರದಲ್ಲಿ ಅರ್ಧ ಸೆಂಟಿಮೀಟರ್‌ನಷ್ಟು, ಹುಡುಕಿದರೆ ಮಾತ್ರ ಸಿಗುವಂಥದ್ದು. ಗಂಟು ಹೀಗೆ ಇಳಿಯುತ್ತಾ ಬಂದರೆ ಅದಕ್ಕೆ ಇನ್ನಾವ ಪರೀಕ್ಷೆಯೂ ಬೇಡ. ನಾವು ನೋಡಬೇಕಾದದ್ದು ಗಂಟು ಇದೆಯೋ ಇಲ್ಲವೋ ಎಂಬುದನ್ನಲ್ಲ, ಇಳಿಯುತ್ತಿದೆಯೋ ಏರುತ್ತಿದೆಯೋ ಎಂಬುದನ್ನು.

ಅದನ್ನು ನೋಡುವ ಕ್ರಮವೂ ಇದೆ. ದಿನಕ್ಕೆ ಹತ್ತು ಸಲ ಒತ್ತಿ ನೋಡುವವರಿದ್ದಾರೆ. ಒತ್ತಿದಷ್ಟೂ ನೋವು ಹೆಚ್ಚುತ್ತದೆ, ನಿನ್ನೆಗೂ ಇವತ್ತಿಗೂ ವ್ಯತ್ಯಾಸ ಬೆರಳಿಗೆ ತಿಳಿಯುವುದೂ ಇಲ್ಲ. ಗಂಟು ಕಂಡ ದಿನ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಆಮೇಲೆ ವಾರಕ್ಕೊಂದು ಸಲ, ವಾರದ ಅದೇ ದಿನ, ಒಬ್ಬರೇ ನೋಡಿ. ಮಗುವನ್ನು ಎದುರಿಗೆ ಕೂರಿಸಿ, ತಲೆಯನ್ನು ಗಂಟಿನ ಕಡೆಗೆ ಸ್ವಲ್ಪ ವಾಲಿಸಿದರೆ ಸ್ನಾಯು ಸಡಿಲವಾಗಿ ಗಂಟು ಸುಲಭವಾಗಿ ಸಿಗುತ್ತದೆ. ಎರಡು ಬೆರಳ ನಡುವೆ ಹಿಡಿದು, ಆ ಅಂತರವನ್ನು ಸ್ಕೇಲಿನ ಮೇಲಿಟ್ಟು ಅಳೆದು ಬರೆದಿಡಿ. ಅಲುಗಾಡುತ್ತದೆಯೇ ನೋಡಿ. ಎಷ್ಟು ಗಟ್ಟಿ ಎಂದು ತಿಳಿಯಲು ನಿಮ್ಮ ಮುಖವೇ ಸಾಕು. ತುಟಿಯಷ್ಟು ಮೆತ್ತಗೋ, ಮೂಗಿನ ತುದಿಯಷ್ಟು ಬಿಗಿಯೋ, ಹಣೆಯಷ್ಟು ಕಲ್ಲೋ ಎಂದು ಮುಟ್ಟಿ ಹೋಲಿಸಿ. ಸೋಂಕಿನ ಗಂಟು ಸಾಮಾನ್ಯವಾಗಿ ಮೆತ್ತಗಿದ್ದು ಜಾರುತ್ತದೆ. ಹಣೆಯಂತೆ ಗಟ್ಟಿಯಾಗಿ, ಕೆಳಗಿನ ಮಾಂಸಕ್ಕೆ ಅಂಟಿಕೊಂಡು ಅಲುಗದ ಗಂಟನ್ನು ವೈದ್ಯರಿಗೆ ಬೇಗ ತೋರಿಸಬೇಕು. ಮೂಗಿನ ತುದಿಯಂತೆ ರಬ್ಬರಿನ ಬಿಗಿಯಿದ್ದು ನೋವಿಲ್ಲದೆ ಬೆಳೆಯುವ ಗಂಟೂ ಹಾಗೆಯೇ.

ಗಂಟು ಕರಗಲೆಂದು ಸುಣ್ಣ ಅರಿಶಿನ ಕಲಸಿ ದಪ್ಪಗೆ ಮೆತ್ತುವುದು ನಮ್ಮ ಕಡೆ ಈಗಲೂ ಇದೆ. ಚರ್ಮ ಸುಟ್ಟು ಹುಣ್ಣಾಗುತ್ತದೆಯೇ ಹೊರತು ಒಳಗಿನ ಗ್ರಂಥಿಗೆ ಅದು ತಲುಪುವುದಿಲ್ಲ. ಎಣ್ಣೆ ಹಾಕಿ ಜೋರಾಗಿ ತಿಕ್ಕುವುದೂ ಬೇಡ. ನೋವಿದ್ದರೆ ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯ ಶಾಖ ಸಾಕು.

ದವಡೆಯ ಊತವೆಲ್ಲ ಈ ಗ್ರಂಥಿಯದೇ ಎಂದೂ ಅಲ್ಲ. ಮಂಗನಬಾವಿನಲ್ಲಿ ಊದುವುದು ಕಿವಿಯ ಮುಂದಿನ ಜೊಲ್ಲುಗ್ರಂಥಿ. ಅದು ದವಡೆಯ ಮೂಲೆಯನ್ನೇ ಮುಚ್ಚಿಬಿಡುತ್ತದೆ, ಕಿವಿಯ ಹಾಲೆ ಮೇಲೆದ್ದು ನಿಲ್ಲುತ್ತದೆ, ಹುಳಿ ತಿಂದರೆ ನೋವು ಹೆಚ್ಚುತ್ತದೆ. ದುಗ್ಧಗ್ರಂಥಿ ಊದಿದ್ದರೆ ದವಡೆಯ ಮೂಲೆ ಬೆರಳಿಗೆ ಸ್ಪಷ್ಟವಾಗಿ ಸಿಗುತ್ತದೆ, ಗಂಟು ಅದರ ಕೆಳಗಿರುತ್ತದೆ.

ಕೆಲವು ಸ್ಥಿತಿಗಳಲ್ಲಿ ವಾರದ ಲೆಕ್ಕ ಹಾಕುತ್ತ ಕೂರುವಂತಿಲ್ಲ, ಅದೇ ದಿನ, ಅದೇ ರಾತ್ರಿ ಆಸ್ಪತ್ರೆಗೆ ಹೋಗಬೇಕು. ಉಗುಳು ನುಂಗಲಾಗದೆ ಜೊಲ್ಲು ಸುರಿಯುತ್ತಿದ್ದರೆ, ಉಸಿರೆಳೆಯುವಾಗ ಸದ್ದು ಬರುತ್ತಿದ್ದರೆ, ಬಾಯಿ ಪೂರ್ತಿ ತೆರೆಯಲು ಆಗದಿದ್ದರೆ, ಬಾಯಲ್ಲಿ ಬಿಸಿ ಅನ್ನ ಇಟ್ಟುಕೊಂಡವರಂತೆ ಮಾತು ತೊದಲಿದರೆ ತಡಮಾಡಬೇಡಿ. ಕೊನೆಯ ಎರಡು ಲಕ್ಷಣ ಟಾನ್ಸಿಲ್ ಪಕ್ಕದಲ್ಲಿ ಕೀವು ಕಟ್ಟಿರುವುದನ್ನು ಹೇಳುತ್ತವೆ. ಗಂಟಿನ ಮೇಲಿನ ಚರ್ಮ ಕೆಂಪಾಗಿ, ನಡುವೆ ಒತ್ತಿದರೆ ನೀರು ತುಂಬಿದಂತೆ ತುಳುಕಿದರೆ ಗ್ರಂಥಿಯಲ್ಲೇ ಕೀವಾಗಿದೆ, ಅದನ್ನು ಹೊರತೆಗೆಯಬೇಕು. ಇನ್ನೊಂದನ್ನು ವಿಶೇಷವಾಗಿ ಹೇಳಬೇಕು. ಟಾನ್ಸಿಲ್ ಮೇಲೆ ಚುಕ್ಕೆಗಳ ಬದಲು ಬೂದುಬಣ್ಣದ ಪೊರೆ ಅಂಟಿಕೊಂಡಿದ್ದು, ಕೀಳಲು ಹೋದರೆ ರಕ್ತ ಬಂದು, ಕುತ್ತಿಗೆ ಎರಡೂ ಕಡೆ ದಪ್ಪಗೆ ಊದಿದ್ದರೆ ಅದು ಗಂಟಲಮಾರಿ, ಅಂದರೆ ಡಿಫ್ತೀರಿಯಾ ಇರಬಹುದು. ಲಸಿಕೆ ಬಂದು ಎಷ್ಟೋ ಕಾಲವಾದರೂ ಅದು ನಮ್ಮ ರಾಜ್ಯದಿಂದ ಪೂರ್ತಿ ಹೋಗಿಲ್ಲ. ಅದಕ್ಕೆ ಆಂಟಿಬಯೋಟಿಕ್ ಒಂದೇ ಸಾಲದು, ವಿಷನಿರೋಧಕ ಔಷಧವೂ ಬೇಕು, ಅದೂ ಬೇಗ ಸಿಗಬೇಕು. ಹತ್ತು ಮತ್ತು ಹದಿನಾರನೇ ವಯಸ್ಸಿನ ಟಿಡಿ ಲಸಿಕೆಯನ್ನು ಬಹಳ ಮಕ್ಕಳು ತಪ್ಪಿಸಿಕೊಳ್ಳುತ್ತಾರೆ. ನಿಮ್ಮ ಮನೆಯ ಮಗುವಿನ ಕಾರ್ಡು ಒಮ್ಮೆ ತೆರೆದು ನೋಡಿ.

ಸ್ಟ್ರೆಪ್ ಬಂದು ಹೋದ ಮಗುವಿನಲ್ಲಿ, ಗಂಟು ಇಳಿಯಲೆಂದು ಕಾಯುವ ಆ ವಾರಗಳು ಬರೀ ಗಂಟಿಗಾಗಿ ಕಾಯುವ ವಾರಗಳಲ್ಲ. ಸಂಧಿವಾತ ಜ್ವರ ಕಾಣಿಸಿಕೊಳ್ಳುವುದು ಗಂಟಲು ನೋವಾದ ಎರಡು ಮೂರು ವಾರದ ಮೇಲೆ. ಇವತ್ತು ಮೊಣಕಾಲು ಊದಿ ನಾಳೆ ಅದು ಬಿಟ್ಟು ಕಣಕಾಲಿನ ಕೀಲು ಹಿಡಿಯುವುದು, ಆಡುವಾಗ ಏದುಸಿರು, ಕೈಕಾಲು ತಾನಾಗಿ ಕುಣಿದಂತಾಗಿ ಬರೆಯಲು ಆಗದಿರುವುದು ಇದರ ಗುರುತು. ಮೂತ್ರಪಿಂಡಕ್ಕೆ ತೊಂದರೆಯಾದರೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. ಬೆಳಗ್ಗೆ ಎದ್ದಾಗ ಮುಖ ಊದಿಕೊಂಡು, ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ. ಗಂಟು ಅಳೆಯುವ ದಿನ ಇವನ್ನೂ ಕೇಳಿಕೊಳ್ಳಿ.

ಹದಿಹರೆಯದವರಲ್ಲಿ, ಕಾಲೇಜು ಹುಡುಗ ಹುಡುಗಿಯರಲ್ಲಿ ಇನ್ನೊಂದು ಕಾಯಿಲೆ ಇದೇ ವೇಷದಲ್ಲಿ ಬರುತ್ತದೆ. ಎಪ್‌ಸ್ಟೀನ್ ಬಾರ್ ವೈರಸ್ಸಿನಿಂದ ಬರುವ ಗ್ರಂಥಿ ಜ್ವರ. ಇದರಲ್ಲಿ ದವಡೆಯ ಕೆಳಗಲ್ಲದೆ ಕುತ್ತಿಗೆಯ ಹಿಂಬದಿಯಲ್ಲೂ ಸಾಲಾಗಿ ಗಂಟುಗಳು ಏಳುತ್ತವೆ, ಗಂಟಲಲ್ಲಿ ಬಿಳಿ ಪದರ, ಹಾಸಿಗೆ ಬಿಟ್ಟು ಏಳಲಾಗದಷ್ಟು ಸುಸ್ತು. ಸ್ಟ್ರೆಪ್ ಎಂದುಕೊಂಡು ಅಮಾಕ್ಸಿಸಿಲಿನ್ ಕೊಟ್ಟರೆ ಮೈತುಂಬ ಕೆಂಪು ಗುಳ್ಳೆ ಏಳುವುದೂ ಉಂಟು. ಔಷಧವಿಲ್ಲದೆ ತಾನೇ ಹೋಗುತ್ತದೆ, ಆದರೆ ಗುಲ್ಮ ಊದಿರುವುದರಿಂದ ಮೂರು ನಾಲ್ಕು ವಾರ ಕಬಡ್ಡಿ, ಕುಸ್ತಿ, ಭಾರ ಎತ್ತುವುದು ಬೇಡ. ಗಂಟು ಇಳಿಯುವುದಕ್ಕೆ ಇದರಲ್ಲಿ ತಿಂಗಳ ಮೇಲೂ ಹಿಡಿಯಬಹುದು.

ಇನ್ನು ಮುಖ್ಯವಾದ ಪ್ರಶ್ನೆ, ಎಷ್ಟು ದಿನ ಕಾಯಬೇಕು?

ಗಂಟಲು ನೋವಿನ ಜೊತೆಯಲ್ಲೇ ಬಂದ, ನೋಯುವ, ಜಾರುವ ಗಂಟು, ಮಿಕ್ಕೆಲ್ಲ ರೀತಿಯಲ್ಲಿ ಚೆನ್ನಾಗಿರುವ ಮಗು ಆಗಿದ್ದರೆ ನಾಲ್ಕು ವಾರ ಕಾಯಬಹುದು. ನಾಲ್ಕನೇ ವಾರಕ್ಕೆ ಅದು ಮೊದಲಿಗಿಂತ ಸ್ಪಷ್ಟವಾಗಿ ಚಿಕ್ಕದಾಗಿದ್ದರೆ ಇನ್ನೆರಡು ವಾರ ನೋಡಬಹುದು. ಎರಡು ವಾರವಾದರೂ ಏರುತ್ತಲೇ ಇದ್ದರೆ, ಎರಡು ಸೆಂಟಿಮೀಟರ್ ದಾಟಿ ಬೆಳೆಯುತ್ತಿದ್ದರೆ, ನಾಲ್ಕು ವಾರಕ್ಕೂ ಇದ್ದಂತೆಯೇ ಇದ್ದರೆ ಮತ್ತೆ ತೋರಿಸಲೇಬೇಕು. ಸಂಜೆ ಹೊತ್ತಿನ ಜ್ವರ, ರಾತ್ರಿ ಬಟ್ಟೆ ನೆನೆಯುವಷ್ಟು ಬೆವರು, ತೂಕ ಇಳಿಯುವುದು ಕಂಡರೆ ಅಷ್ಟು ಕೂಡ ಕಾಯಬೇಡಿ. ಕೊರಳ ಎಲುಬಿನ ಮೇಲಿನ ತಗ್ಗಿನಲ್ಲಿ ಗಂಟು ಸಿಕ್ಕರೆ ಒಂದು ದಿನವೂ ಕಾಯಬೇಕಿಲ್ಲ. ಗಂಟಲು ನೋವಿಗೆ ಆ ಜಾಗದ ಗ್ರಂಥಿ ಊದುವುದಿಲ್ಲ, ಅದು ಎದೆ ಅಥವಾ ಹೊಟ್ಟೆಯ ಕಡೆಯಿಂದ ಬಂದ ಸೂಚನೆ.

ದೊಡ್ಡವರಿಗೆ ಇಷ್ಟು ಸಡಿಲು ಇಲ್ಲ. ನಡುವಯಸ್ಸು ದಾಟಿದವರಲ್ಲಿ, ಅದರಲ್ಲೂ ಬೀಡಿ, ಸಿಗರೇಟು, ಗುಟ್ಕಾ, ಹೊಗೆಸೊಪ್ಪು ಹಾಕಿದ ಎಲೆಅಡಿಕೆ ಅಭ್ಯಾಸವಿರುವವರಲ್ಲಿ ಒಂದೇ ಕಡೆ ಗಂಟಲು ನೋವು, ಅದೇ ಕಡೆ ನೋವಿಲ್ಲದ ಗಂಟು, ಅದೇ ಕಡೆಯ ಕಿವಿಯಲ್ಲಿ ಸೆಳೆತ ಇದ್ದರೆ ಅದನ್ನು ಶೀತ ಎಂದುಕೊಳ್ಳಬಾರದು. ಎರಡು ವಾರದಲ್ಲಿ ಇಳಿಯದ ಗಂಟು ದೊಡ್ಡವರಲ್ಲಿ ಕಿವಿ ಮೂಗು ಗಂಟಲಿನ ತಜ್ಞರು ನೋಡಬೇಕಾದ ಗಂಟು. ಅವರು ನಾಲಗೆಯ ಬುಡವನ್ನೂ ಗಂಟಲಾಳವನ್ನೂ ಟ್ಯೂಬ್ ಇಳಿಸಿ ನೋಡುತ್ತಾರೆ. ಜ್ವರವಿಲ್ಲ, ಸೋಂಕಿನ ಗುರುತಿಲ್ಲ, ಆದರೂ "ನೋಡೋಣ" ಎಂದು ಒಂದು ಕೋರ್ಸ್ ಆಂಟಿಬಯೋಟಿಕ್ ಬರೆಸಿಕೊಂಡು ಬರುವುದರಿಂದ ಕೈತಪ್ಪುವುದು ಸಮಯ.

ಈ "ನೋಡೋಣ" ಎಂಬುದೇ ನಮ್ಮ ನಾಡಿನಲ್ಲಿ ದೊಡ್ಡ ತೊಡಕು. ವಾರಗಟ್ಟಲೆ ಉಳಿದ ಕುತ್ತಿಗೆಯ ಗಂಟಿಗೆ ನಮ್ಮಲ್ಲಿ ಬಹಳ ಸಾಮಾನ್ಯವಾದ ಒಂದು ಕಾರಣ ಕ್ಷಯ. ಶ್ವಾಸಕೋಶಕ್ಕೆ ಮಾತ್ರ ಬರುವ ರೋಗ ಅದಲ್ಲ. ಹಳಬರು ಗಂಡಮಾಲೆ ಎನ್ನುತ್ತಿದ್ದುದು ಇದನ್ನೇ. ಕೆಮ್ಮಿರುವುದಿಲ್ಲ, ಎಷ್ಟೋ ಜನಕ್ಕೆ ಜ್ವರವೂ ಇರುವುದಿಲ್ಲ. ನೋವಿಲ್ಲದೆ ಒಂದು ಗಂಟು ಬೆಳೆದು, ಪಕ್ಕದ ಗಂಟಿನೊಂದಿಗೆ ಅಂಟಿ ಗುಚ್ಛವಾಗಿ, ಬಿಟ್ಟರೆ ಒಡೆದು ಸೋರತೊಡಗುತ್ತದೆ. ಶುರುವಿನಲ್ಲಿ ಯಾವುದೋ ಗಂಟಲು ನೋವಿನ ಜೊತೆ ಕೈಗೆ ಸಿಕ್ಕಿದ್ದರಿಂದ "ಟಾನ್ಸಿಲ್ ಗಂಟು" ಎಂಬ ಹೆಸರು ಅದಕ್ಕೆ ಅಂಟಿಕೊಂಡಿರುತ್ತದೆ. ಒಬ್ಬರು ಒಂದು ಆಂಟಿಬಯೋಟಿಕ್ ಬರೆಯುತ್ತಾರೆ, ಇಳಿಯದಿದ್ದರೆ ಇನ್ನೊಬ್ಬರು ಇನ್ನೊಂದು. ಆಫ್ಲಾಕ್ಸಸಿನ್, ಲೆವೊಫ್ಲಾಕ್ಸಸಿನ್ ಜಾತಿಯವು ಕ್ಷಯದ ಬ್ಯಾಕ್ಟೀರಿಯಾವನ್ನೂ ಸ್ವಲ್ಪ ಮಟ್ಟಿಗೆ ತಡೆಯುತ್ತವೆ, ಹಾಗಾಗಿ ಗಂಟು ತುಸು ಇಳಿದು ಎಲ್ಲರಿಗೂ ಸಮಾಧಾನವಾಗುತ್ತದೆ, ರೋಗ ಮಾತ್ರ ಒಳಗೇ ಉಳಿಯುತ್ತದೆ. ಸ್ಟೀರಾಯ್ಡ್ ಮಾತ್ರೆ ಕೊಟ್ಟರೆ ದುಗ್ಧಗ್ರಂಥಿಯ ಕ್ಯಾನ್ಸರಿನ ಗಂಟು ಕೂಡ ಕೆಲವು ವಾರ ಕುಗ್ಗಿ, ಆಮೇಲಿನ ಪರೀಕ್ಷೆಗೆ ಸಿಗದಂತಾಗುತ್ತದೆ. ಕಾರಣ ಗೊತ್ತಿಲ್ಲದ ಗಂಟಿಗೆ ಇವೆರಡನ್ನೂ ಕೊಡಬಾರದು.

ಹಾಗಾದರೆ ನಾಲ್ಕು ವಾರ ದಾಟಿದರೂ ಇಳಿಯದ ಗಂಟಿಗೆ ಮಾಡಬೇಕಾದದ್ದೇನು? ಮೊದಲು ರಕ್ತಪರೀಕ್ಷೆ, ಎದೆಯ ಎಕ್ಸ್‌ರೇ, ಕುತ್ತಿಗೆಯ ಅಲ್ಟ್ರಾಸೌಂಡ್. ಅದಾದ ಮೇಲೆ ಸೂಜಿ ಪರೀಕ್ಷೆ, ವೈದ್ಯರು ಎಫ್‌ಎನ್‌ಎಸಿ ಎಂದು ಬರೆಯುವುದು. ತೆಳುವಾದ ಸೂಜಿಯನ್ನು ಗಂಟಿಗೆ ಚುಚ್ಚಿ, ಸಿರಿಂಜಿನಲ್ಲಿ ಎಳೆದು, ಬಂದ ಕಣಗಳನ್ನು ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಕೆಲವು ನಿಮಿಷದ ಕೆಲಸ. ಹೊಲಿಗೆಯಿಲ್ಲ, ಆಸ್ಪತ್ರೆಯಲ್ಲಿ ಉಳಿಯಬೇಕಿಲ್ಲ. ಅದೇ ದ್ರವದ ಸ್ವಲ್ಪ ಪಾಲನ್ನು ಸಿಬಿನ್ಯಾಟ್ ಎಂಬ ಯಂತ್ರಪರೀಕ್ಷೆಗೂ ಕಳಿಸಬೇಕೆಂದು ಕೇಳಿ. ಕ್ಷಯದ ಬ್ಯಾಕ್ಟೀರಿಯಾ ಇದೆಯೇ, ರಿಫಾಂಪಿಸಿನ್ ಔಷಧಕ್ಕೆ ಅದು ಬಗ್ಗುತ್ತದೆಯೇ ಎಂಬುದನ್ನು ಅದು ಕೆಲವೇ ಗಂಟೆಗಳಲ್ಲಿ ಹೇಳುತ್ತದೆ. ಸೂಜಿಯಲ್ಲಿ ಉತ್ತರ ಸಿಗದಿದ್ದರೆ ಇಡೀ ಗಂಟನ್ನೇ ತೆಗೆದು ನೋಡಬೇಕಾಗುತ್ತದೆ. ಆಗಲೂ ಒಂದು ಎಚ್ಚರ ಬೇಕು. ತೆಗೆದ ಗಂಟನ್ನು ಪೂರ್ತಿಯಾಗಿ ಫಾರ್ಮಲಿನ್‌ಗೆ ಹಾಕಿದರೆ ಬ್ಯಾಕ್ಟೀರಿಯಾ ಸತ್ತು ಕಲ್ಚರ್ ಮಾಡಲು ಬರುವುದಿಲ್ಲ. ಒಂದು ಚೂರನ್ನು ಸಲೈನಿನಲ್ಲಿ ಬೇರೆಯಾಗಿ ಕಳಿಸಬೇಕು.

"ಸೂಜಿ ಚುಚ್ಚಿದರೆ ಒಳಗಿರೋದು ಮೈಗೆಲ್ಲ ಹರಡುತ್ತಂತೆ" ಎಂಬ ಭಯ ಊರೂರಲ್ಲೂ ಇದೆ. ಈ ಭಯದಿಂದಲೇ ಪರೀಕ್ಷೆ ಬೇಡವೆಂದು ಎದ್ದುಹೋದವರು ಎಷ್ಟೋ ಜನ. ಅಷ್ಟು ತೆಳುವಾದ ಸೂಜಿಯಿಂದ ಕುತ್ತಿಗೆಯ ಗಂಟಿನ ರೋಗ ಮೈಗೆಲ್ಲ ಹರಡುವುದಿಲ್ಲ. ಹರಡುವುದು ಪರೀಕ್ಷೆಯಿಲ್ಲದೆ ಕಳೆದ ತಿಂಗಳುಗಳಲ್ಲಿ. ಕ್ಷಯವೆಂದು ತಿಳಿದರೆ ಔಷಧ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ, ಗ್ರಂಥಿಯ ಕ್ಷಯಕ್ಕೆ ಸಾಮಾನ್ಯವಾಗಿ ಆರು ತಿಂಗಳು. ಜೊತೆಗೆ ಪೌಷ್ಟಿಕ ಆಹಾರಕ್ಕೆಂದು ತಿಂಗಳಿಗೆ 1,000 ರೂಪಾಯಿ ರೋಗಿಯ ಖಾತೆಗೆ ಬರುತ್ತದೆ. ಔಷಧ ಶುರುವಾದ ಮೇಲೆ ಕೆಲವರಲ್ಲಿ ಗಂಟು ಮೊದಲು ಸ್ವಲ್ಪ ದೊಡ್ಡದಾಗಿ ಆಮೇಲೆ ಇಳಿಯುತ್ತದೆ, ಅದನ್ನು ಕಂಡು ಔಷಧ ಬಿಡಬೇಡಿ, ವೈದ್ಯರಿಗೆ ತೋರಿಸಿ.

ನಿಮ್ಮ ಮನೆಯಲ್ಲಿ ಯಾರ ಕುತ್ತಿಗೆಯಲ್ಲಾದರೂ ಅಂಥ ಗಂಟಿದ್ದು, ಅದು ಯಾವಾಗ ಶುರುವಾಯಿತೆಂದು ನೆನಪಿಗೇ ಬರದಷ್ಟು ಹಳೆಯದಾಗಿದ್ದರೆ, ಇನ್ನೊಂದು ಆಂಟಿಬಯೋಟಿಕ್ ಬರೆಸಿಕೊಳ್ಳಬೇಡಿ. ಈ ವಾರವೇ ತಾಲ್ಲೂಕು ಅಥವಾ ಜಿಲ್ಲಾಸ್ಪತ್ರೆಗೆ ಹೋಗಿ ಸೂಜಿ ಪರೀಕ್ಷೆ ಮಾಡಿಸಿ.